ಅಡಿಕೆಗೆ ಮದ್ದು ಬಿಡುವ ಸ್ಟಾರ್ಟಪ್‌ಗೆ ಮಾರುಕಟ್ಟೆ ಎಷ್ಟು? ಮೇಲಿಂದ ಇಳಿಯುವ ಲೆಕ್ಕ, ಕೆಳಗಿಂದ ಏರುವ ಲೆಕ್ಕ

ಹೂಡಿಕೆದಾರರ ಮುಂದೆ ಪಿಚ್ ಮಾಡುವಾಗ ಒಂದು ಪ್ರಶ್ನೆ ತಪ್ಪದೆ ಬರುತ್ತದೆ: "ನಿಮ್ಮ ಮಾರುಕಟ್ಟೆ ಎಷ್ಟು ದೊಡ್ಡದು?" ಉತ್ತರಕ್ಕೆ ಎರಡು ದಾರಿ ಇವೆ. ಒಂದು, ದೊಡ್ಡ ಅಂಕಿಯಿಂದ ಹೊರಟು ನಮಗೆ ಸಂಬಂಧವಿಲ್ಲದ್ದನ್ನು ಕಳೆಯುತ್ತಾ ಇಳಿಯುವುದು. ಇದನ್ನು ಟಾಪ್-ಡೌನ್ ಅನ್ನುತ್ತಾರೆ. ಇನ್ನೊಂದು, ಒಬ್ಬ ಗಿರಾಕಿ ಒಂದು ವರ್ಷದಲ್ಲಿ ಕೊಡುವ ದುಡ್ಡಿನಿಂದ ಹೊರಟು ಮೇಲಕ್ಕೆ ಕೂಡಿಸುತ್ತಾ ಹೋಗುವುದು. ಅದು ಬಾಟಮ್-ಅಪ್. ಹೆಚ್ಚಿನವರು ಮೊದಲನೆಯದನ್ನು ಮಾಡಿ ನಿಲ್ಲಿಸುತ್ತಾರೆ, ಏಕೆಂದರೆ ಅದಕ್ಕೆ ಮನೆಯಿಂದ ಹೊರಗೆ ಕಾಲಿಡಬೇಕಾಗಿಲ್ಲ.

ಎರಡನ್ನೂ ಮಾಡಿ, ಎರಡರ ನಡುವಿನ ಅಂತರ ಎಲ್ಲಿಂದ ಬಂತು ಎಂದು ತೋರಿಸಿ ಅನ್ನುವುದು ನನ್ನ ಮಾತು. ಪಿಚ್‌ನಲ್ಲಿ ಜಾಸ್ತಿ ಕೆಲಸ ಮಾಡುವುದು ಆ ಅಂತರದ ವಿವರಣೆ. ಇದನ್ನು ಕಾಸರಗೋಡಿನ ಒಂದು ಉದಾಹರಣೆಯಲ್ಲಿ ಪೂರ್ತಿ ಮಾಡಿ ನೋಡೋಣ.

ಬದಿಯಡ್ಕದಲ್ಲಿ ಇಬ್ಬರು ಸೇರಿ ಒಂದು ಕಂಪನಿ ಶುರು ಮಾಡಿದ್ದಾರೆ ಅಂತ ಇಟ್ಟುಕೊಳ್ಳಿ. ಕೆಲಸ ಇಷ್ಟೇ: ಕಾರ್ಬನ್ ಫೈಬರ್ ದೋಟಿ ಹಿಡಿದು ನೆಲದಿಂದಲೇ ಅಡಿಕೆ ಮರಕ್ಕೆ ಬೋರ್ಡೋ ಬಿಡುವ ತಂಡಗಳನ್ನು ಕಟ್ಟುವುದು, ಫೋನಿನಲ್ಲಿ ಬುಕ್ ಮಾಡಿದ ತೋಟಕ್ಕೆ ಹೇಳಿದ ದಿನ ಕಳುಹಿಸುವುದು. ಮುಂದೆ ಬರುವ ದರ, ಶೇಕಡಾ, ಎಕರೆ–ಮರದ ಅಂಕಿಗಳು ಲೆಕ್ಕದ ರೀತಿ ತೋರಿಸಲು ಹಿಡಿದುಕೊಂಡವು. ನಿಮ್ಮ ಲೆಕ್ಕಕ್ಕೆ ನಿಮ್ಮ ಅಂಕಿ ಹಾಕಿ.

ಮೊದಲು: ದುಡ್ಡು ಯಾವುದಕ್ಕೆ ಬರುತ್ತದೆ?

ಲೆಕ್ಕಕ್ಕೆ ಕೂರುವ ಮೊದಲು ಒಂದು ಸಾಲು ಬರೆದಿಡಿ: ಯಾರು, ಯಾವುದಕ್ಕೆ, ಎಷ್ಟು, ವರ್ಷಕ್ಕೆ ಎಷ್ಟು ಸಲ ಕೊಡುತ್ತಾರೆ. ನಮ್ಮ ಉದಾಹರಣೆಯಲ್ಲಿ: ತೋಟದ ಯಜಮಾನರು, ಒಂದು ಮರಕ್ಕೆ ಒಂದು ಸಲ ಮದ್ದು ಬಿಟ್ಟದ್ದಕ್ಕೆ, ₹12, ವರ್ಷಕ್ಕೆ ಎರಡು ಸಲ.

ಈ ₹12 ಎಲ್ಲಿಂದ ಬಂತು? ನಮ್ಮಲ್ಲಿ ಯಾರೂ ಮರದ ಲೆಕ್ಕದಲ್ಲಿ ಕೊಡುವುದಿಲ್ಲ. ಕೆಲವರು ಬ್ಯಾರಲ್ ಲೆಕ್ಕ, ಕೆಲವರು ದಿನದ ಸಂಬಳ. ಹೇಗೆ ಕೊಟ್ಟರೂ ಅದನ್ನು ಒಂದೇ ಅಳತೆಗೆ ತರಬೇಕು. ಮದ್ದು ಬಿಡುವವನಿಗೆ, ಪೈಪ್ ಎಳೆಯುವವರಿಗೆ, ಪಂಪಿನ ಪೆಟ್ರೋಲಿಗೆ ಎಲ್ಲಾ ಸೇರಿ ದಿನಕ್ಕೆ ₹4,800 ಹೋಯಿತು, ಆ ದಿನ 400 ಮರ ಆಯಿತು ಅಂದರೆ ಮರಕ್ಕೆ ₹12. ಮೈಲುತುತ್ತು, ಸುಣ್ಣ ಯಜಮಾನರದ್ದೇ.

ಇಲ್ಲೇ ಇನ್ನೊಂದು ನಿರ್ಧಾರ ಆಗಬೇಕು. ತಂಡದವರಿಗೆ ಸಂಬಳ ಕೊಟ್ಟು ಕೆಲಸ ಮಾಡಿಸುವವರು ನೀವೇ ಆದರೆ ₹12 ಪೂರ್ತಿ ನಿಮ್ಮ ಆದಾಯ. ನೀವು ಬರೀ ಆ್ಯಪ್‌ನಲ್ಲಿ ಇಬ್ಬರನ್ನು ಸೇರಿಸಿ 10% ಕಮಿಷನ್ ತೆಗೆಯುವವರಾದರೆ ನಿಮ್ಮ ಆದಾಯ ಮರಕ್ಕೆ ₹1.20 ಮಾತ್ರ. ಆಗ ಮಾರುಕಟ್ಟೆಯ ಗಾತ್ರವೂ ಹತ್ತನೇ ಒಂದಕ್ಕೆ ಇಳಿಯುತ್ತದೆ. ಕಮಿಷನ್ ತೆಗೆಯುವ ಕಂಪನಿ ಸ್ಲೈಡಿನಲ್ಲಿ ಪೂರ್ತಿ ವಹಿವಾಟನ್ನು ತನ್ನ ಮಾರುಕಟ್ಟೆ ಅಂತ ತೋರಿಸಿದರೆ ಅನುಭವಿ ಹೂಡಿಕೆದಾರರು ಮೊದಲ ನಿಮಿಷದಲ್ಲೇ ಹಿಡಿಯುತ್ತಾರೆ. ನಮ್ಮ ಬದಿಯಡ್ಕದವರು ತಂಡ ಕಟ್ಟುವವರು, ಹಾಗಾಗಿ ₹12.

ಮೇಲಿಂದ ಇಳಿಯೋಣ

ಸರಕಾರದ ಅಂಕಿಯಿಂದ ಶುರು ಮಾಡಿ. ಕೇರಳದ ಎಕನಾಮಿಕ್ಸ್ ಆ್ಯಂಡ್ ಸ್ಟಾಟಿಸ್ಟಿಕ್ಸ್ ಇಲಾಖೆ ಪ್ರತಿ ವರ್ಷ ಕೃಷಿ ಅಂಕಿ-ಅಂಶ ಹೊರತರುತ್ತದೆ. ಅದರಲ್ಲಿ ಜಿಲ್ಲಾವಾರು, ಬೆಳೆವಾರು ವಿಸ್ತೀರ್ಣ ಸಿಗುತ್ತದೆ. ಯಾವ ವರ್ಷದ್ದು ಅಂತ ಪಕ್ಕದಲ್ಲೇ ಬರೆದುಕೊಳ್ಳಿ. ಲೆಕ್ಕಕ್ಕೆ ಜಿಲ್ಲೆಯಲ್ಲಿ 20,000 ಹೆಕ್ಟೇರ್ ಅಡಿಕೆ ಅಂತ ಹಿಡಿಯೋಣ.

ಹೆಕ್ಟೇರಿನಿಂದ ಮರಕ್ಕೆ ಬರಬೇಕು. ಅಡಿಕೆಗೆ ಶಿಫಾರಸು ಮಾಡಿರುವ ಅಂತರ 2.7 ಮೀಟರ್‌ಗೆ 2.7 ಮೀಟರ್. ಅಂದರೆ ಒಂದು ಮರಕ್ಕೆ 7.29 ಚದರ ಮೀಟರ್, ಹೆಕ್ಟೇರಿಗೆ ಸುಮಾರು 1,370 ಮರ. 20,000 ಹೆಕ್ಟೇರಿಗೆ 2.74 ಕೋಟಿ ಮರ. ಎರಡು ಸಲ, ಸಲಕ್ಕೆ ₹12. ಒಟ್ಟು ಸುಮಾರು ₹66 ಕೋಟಿ.

ಇದು ಟ್ಯಾಮ್, ಅಂದರೆ ಜಿಲ್ಲೆಯ ಪ್ರತಿ ಮರಕ್ಕೂ ನಾವೇ ಮದ್ದು ಬಿಟ್ಟರೆ ಬರುವ ದುಡ್ಡು. ಇದಕ್ಕಿಂತ ಮೇಲೆ ಹೋಗಬೇಡಿ. ಹೋಗುವ ಆಸೆ ಆಗುತ್ತದೆ, ಅದೇ ತೊಂದರೆ. ಹೆಕ್ಟೇರಿಗೆ ಎರಡು ಟನ್ ಚಾಲಿ, ಕಿಲೋಗೆ ₹400 ಅಂತ ಹಿಡಿದರೆ ಇದೇ 20,000 ಹೆಕ್ಟೇರ್ ₹1,600 ಕೋಟಿಯ ಬೆಳೆ ಆಗುತ್ತದೆ. "ನಾವು ₹1,600 ಕೋಟಿಯ ಅಡಿಕೆ ಮಾರುಕಟ್ಟೆಯಲ್ಲಿದ್ದೇವೆ, ಅದರ 1% ಹಿಡಿದರೂ ₹16 ಕೋಟಿ" ಅಂತ ಸ್ಲೈಡ್ ಮಾಡುವವರಿದ್ದಾರೆ. ಆದರೆ ಆ ₹1,600 ಕೋಟಿ ಅಡಿಕೆ ಮಾರಿದವರದ್ದು. ಮದ್ದು ಬಿಡುವವರಿಗೆ ಅದರಿಂದ ಬರುವುದು ಕೂಲಿ ಮಾತ್ರ. ಆ "1%"ಗೂ ಆಧಾರ ಇಲ್ಲ. ಯಾವ ತೋಟ, ಯಾವ ಪಂಚಾಯತಿನಲ್ಲಿ, ಯಾರು ಹೋಗಿ ಮಾಡುತ್ತಾರೆ ಎಂದು ಅದು ಹೇಳುವುದಿಲ್ಲ.

₹66 ಕೋಟಿಯೂ ಉಬ್ಬಿದ ಅಂಕಿಯೇ. ನಮ್ಮ ಕಡೆಯ ತೋಟ ಹೇಗಿರುತ್ತದೆ ಅಂತ ಗೊತ್ತಲ್ವಾ. ಅಡಿಕೆಯ ನಡುವೆ ತೆಂಗು, ಅಲ್ಲಲ್ಲಿ ಕೊಕ್ಕೋ, ಸತ್ತ ಮರದ ಜಾಗದಲ್ಲಿ ಹೊಸ ಸಸಿ. ಅಳತೆ ಹಿಡಿದು ನೆಟ್ಟ ತೋಟದ ಲೆಕ್ಕ ಅಲ್ಲಿಗೆ ಹೊಂದುವುದಿಲ್ಲ. ಎಷ್ಟು ಉಬ್ಬಿದೆ ಅಂತ ಮನೆಯಲ್ಲಿ ಕೂತು ಹೇಳಲಾಗದು. ಅದಕ್ಕೇ ಎರಡನೇ ದಾರಿ.

ಕೆಳಗಿಂದ ಏರೋಣ

ಒಂದು ಪಂಚಾಯತ್ ಆರಿಸಿ. ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆ, ದೇಲಂಪಾಡಿ, ಯಾವುದಾದರೂ ಸರಿ, ಅಡಿಕೆ ದಟ್ಟವಾಗಿರಬೇಕು ಅಷ್ಟೇ. ಕೃಷಿಭವನಕ್ಕೆ ಹೋಗಿ ಆ ಪಂಚಾಯತಿನ ಅಡಿಕೆ ವಿಸ್ತೀರ್ಣ ಮತ್ತು ಸುಮಾರು ಎಷ್ಟು ಬೆಳೆಗಾರರು ಅಂತ ಕೇಳಿ. ಆಮೇಲೆ ಬೇರೆ ಬೇರೆ ವಾರ್ಡಿನ ನಲ್ವತ್ತು ತೋಟಗಳಿಗೆ ಕಾಲ್ನಡಿಗೆಯಲ್ಲಿ ಹೋಗಿ. ನೆಂಟರ ತೋಟ, ಪರಿಚಯದವರ ತೋಟ ಬಿಟ್ಟುಬಿಡಿ, ಅವರು ನಿಮ್ಮ ಮೋರೆ ನೋಡಿ ಉತ್ತರ ಕೊಡುತ್ತಾರೆ. ರಸ್ತೆ ಬದಿಯ ತೋಟಗಳನ್ನೇ ಹಿಡಿದರೂ ತಪ್ಪಾಗುತ್ತದೆ. ಗುಡ್ಡದ ಬುಡದಲ್ಲಿ, ಜೀಪ್ ಹೋಗದ ಕಡೆ ಇರುವ ತೋಟಕ್ಕೆ ಜನ ಸಿಗುವುದೇ ಬೇರೆ ರೀತಿ.

ಕೇಳುವ ಪ್ರಶ್ನೆ ಬಹಳ ಮುಖ್ಯ. "ಇಂಥ ಸೇವೆ ಬಂದರೆ ನಿಮಗೆ ಬೇಕಾ?" ಅಂತ ಕೇಳಿದರೆ ನಲ್ವತ್ತರಲ್ಲಿ ನಲ್ವತ್ತು ಜನ ಹೌದು ಅನ್ನುತ್ತಾರೆ. ಮಾತು ಹೀಗೆ ಸಾಗುತ್ತದೆ:

"ಬಂದ್ರೆ ಒಳ್ಳೇದೇ ಮಾರಾಯ್ರೆ, ಜನವೇ ಇಲ್ಲ ಈಗ."

"ಕಳೆದ ವರ್ಷ ಯಾರು ಮದ್ದು ಬಿಟ್ಟದ್ದು ಭಟ್ರೆ?"

"ನಮ್ಮ ಕೆಳಗಿನ ಮನೆಯ ಹುಡುಗನೇ. ಅವನ ಅಪ್ಪನ ಕಾಲದಿಂದ ಅವರೇ ಬರುವುದು."

"ಸಮಯಕ್ಕೆ ಬಂದಿದ್ರಾ?"

"ಅವನು ಮೊದಲು ನಮ್ಮಲ್ಲಿಗೇ ಬರುವುದು."

ಮೊದಲ ಸಾಲು ಕೇಳಿ ಎದ್ದುಬಂದಿದ್ದರೆ ಈ ತೋಟ ನಿಮ್ಮ ಗಿರಾಕಿಗಳ ಪಟ್ಟಿಗೆ ಸೇರುತ್ತಿತ್ತು. ನಾಲ್ಕನೇ ಸಾಲಿಗೆ ಬರುವಾಗ ಇವರು ಸದ್ಯಕ್ಕೆ ನಿಮ್ಮ ಗಿರಾಕಿ ಅಲ್ಲ ಅಂತ ಗೊತ್ತಾಗುತ್ತದೆ. ಹಾಗಾಗಿ ಮುಂದೆ ಆಗಬಹುದಾದದ್ದನ್ನು ಕೇಳಬೇಡಿ, ಕಳೆದ ಮಳೆಗಾಲದಲ್ಲಿ ಆದದ್ದನ್ನು ಕೇಳಿ: ಫಸಲು ಕೊಡುವ ಮರ ಎಷ್ಟು, ಯಾರು ಮದ್ದು ಬಿಟ್ಟರು, ಎಷ್ಟು ಕೊಟ್ಟಿರಿ, ಎಷ್ಟು ದಿನ ಕಾದಿರಿ, ಎರಡನೇ ಸಲ ಬಿಡಲು ಆಯಿತಾ, ಕೊಳೆರೋಗಕ್ಕೆ ಎಷ್ಟು ಉದುರಿತು. ತುಳುವಿನಲ್ಲಿ ಮಾತಾಡುವ ಮನೆಯಲ್ಲಿ ತುಳುವಿನಲ್ಲೇ ಕೇಳಿ, ಮಲಯಾಳದ ಮನೆಯಲ್ಲಿ ಮಲಯಾಳದಲ್ಲಿ. ಕೂಲಿ ಎಷ್ಟು ಕೊಟ್ಟರು ಅನ್ನುವ ವಿಷಯವನ್ನು ಜನ ಮನೆಮಾತಿನಲ್ಲಿ ಹೆಚ್ಚು ಸಲೀಸಾಗಿ ಹೇಳುತ್ತಾರೆ.

ಬಂದ ಉತ್ತರಗಳ ಸರಾಸರಿ ತೆಗೆಯುವ ಮೊದಲು ತೋಟಗಳನ್ನು ಗಾತ್ರದ ಪ್ರಕಾರ ವಿಂಗಡಿಸಿ. ನೂರೈವತ್ತು ಮರದವರು ತಾವೇ ಮದ್ದು ಬಿಡುತ್ತಾರೆ. ಎರಡು ಸಾವಿರ ಮರದವರು ಹೊರಗಿನವರನ್ನು ಕರೆಯಲೇಬೇಕು. ಇಬ್ಬರನ್ನೂ ಒಂದೇ ಬುಟ್ಟಿಗೆ ಹಾಕಿದರೆ ಯಾರ ಲೆಕ್ಕವೂ ಸರಿಯಾಗುವುದಿಲ್ಲ. ನಲ್ವತ್ತು ತೋಟದ ಉತ್ತರವನ್ನು ಪಂಚಾಯತಿನ ಒಟ್ಟು ಬೆಳೆಗಾರರಿಗೆ ಹಿಗ್ಗಿಸಿದಾಗ ಹೀಗೆ ಬಂತು ಅಂತ ಹಿಡಿಯೋಣ:

| ತೋಟ | ಎಷ್ಟು ತೋಟ | ಸರಾಸರಿ ಫಸಲಿನ ಮರ | ಕೂಲಿಗೆ ಕರೆಯುವವರು | ಅವರ ಮರಗಳು |
|---|---|---|---|---|
| ಚಿಕ್ಕದು | 900 | 150 | 20% | 27,000 |
| ನಡುವಿನದು | 350 | 600 | 50% | 1,05,000 |
| ದೊಡ್ಡದು | 60 | 1,800 | 90% | 97,200 |

ಒಟ್ಟು ಫಸಲಿನ ಮರ 4,53,000. ಅದರಲ್ಲಿ ಕೂಲಿ ಕೊಟ್ಟು ಮದ್ದು ಬಿಡಿಸುವ ಮರ 2,29,200. ಎರಡು ಸಲಕ್ಕೆ, ₹12ರಂತೆ, ಪಂಚಾಯತಿಗೆ ₹55 ಲಕ್ಷ. ಜಿಲ್ಲೆಯ 38 ಗ್ರಾಮ ಪಂಚಾಯತ್‌ಗಳಲ್ಲಿ ಅಡಿಕೆ ದಟ್ಟವಾಗಿದ್ದು ಬದಿಯಡ್ಕದಿಂದ ಬೆಳಿಗ್ಗೆ ಹೊರಟು ಸಂಜೆ ಮರಳಬಹುದಾದ ಹನ್ನೆರಡನ್ನು ತೆಗೆದುಕೊಂಡರೆ ₹6.6 ಕೋಟಿ. ಇದು ಸ್ಯಾಮ್, ನಾವು ನಿಜವಾಗಿ ಮುಟ್ಟಬಹುದಾದ ಮಾರುಕಟ್ಟೆ.

ಒಂದು ಪಂಚಾಯತಿನ ಅಂಕಿಯನ್ನು ಹನ್ನೆರಡಕ್ಕೆ ಗುಣಿಸಿದ್ದು ಈ ಲೆಕ್ಕದ ಬಲಹೀನ ಜಾಗ. ಕೇಳುವ ಮೊದಲೇ ಹೇಳಿಬಿಡಿ. ಪುರುಸೊತ್ತು ಇದ್ದರೆ ಮೊದಲನೆಯದಕ್ಕಿಂತ ಪೂರ್ತಿ ಬೇರೆಯಾದ ಎರಡನೇ ಪಂಚಾಯತಿನಲ್ಲೂ ಇದೇ ಪ್ರಶ್ನೆ ಕೇಳಿ. ಕೂಲಿಗೆ ಕರೆಯುವವರ ಪ್ರಮಾಣ ಅಲ್ಲಿಯೂ ಹೆಚ್ಚುಕಡಿಮೆ ಅಷ್ಟೇ ಬಂದರೆ ಧೈರ್ಯವಾಗಿ ಗುಣಿಸಬಹುದು.

66 ಎಲ್ಲಿ, 6.6 ಎಲ್ಲಿ?

ಹತ್ತು ಪಟ್ಟು ವ್ಯತ್ಯಾಸ ಬಂತು. ಇಲ್ಲಿ ಹಲವರು ಗಾಬರಿಯಾಗಿ ದೊಡ್ಡದನ್ನು ಇಟ್ಟುಕೊಂಡು ಚಿಕ್ಕದನ್ನು ಮುಚ್ಚಿಡುತ್ತಾರೆ. ಅದರ ಬದಲು ಅಂತರವನ್ನು ಬಿಡಿಸಿ ನೋಡಿ.

ಮೊದಲು, ಊರು. ಕೃಷಿಭವನದ ಪ್ರಕಾರ ಪಂಚಾಯತಿನಲ್ಲಿ 500 ಹೆಕ್ಟೇರ್ ಅಡಿಕೆ ಇದ್ದರೆ ಹನ್ನೆರಡು ಪಂಚಾಯತಿಗೆ 6,000 ಹೆಕ್ಟೇರ್. ಜಿಲ್ಲೆಯ 20,000ದಲ್ಲಿ ಅದು 30%. ಎರಡನೆಯದು, ಮರ. 500 ಹೆಕ್ಟೇರಿಗೆ 1,370ರಂತೆ 6.85 ಲಕ್ಷ ಮರ ಇರಬೇಕಿತ್ತು, ನಮಗೆ ಸಿಕ್ಕಿದ್ದು 4.53 ಲಕ್ಷ ಫಸಲಿನ ಮರ, ಅಂದರೆ 66%. ಉಳಿದದ್ದು ಸಸಿ, ಖಾಲಿ ಜಾಗ, ಮಿಶ್ರ ಬೆಳೆ. ಮೂರನೆಯದು, ಕೂಲಿ. ಆ ಮರಗಳಲ್ಲಿ ಹೊರಗಿನವರು ಮದ್ದು ಬಿಡುವುದು ಸುಮಾರು 51%ಗೆ ಮಾತ್ರ. ಮೂರನ್ನೂ ಗುಣಿಸಿ:

```
66 ಕೋಟಿ × 0.30 × 0.66 × 0.51 = ಸುಮಾರು 6.6 ಕೋಟಿ
```

ಎರಡು ಲೆಕ್ಕ ಕೂಡಿಬಂತು. ಈ ಒಂದು ಸಾಲು ಸ್ಲೈಡಿನಲ್ಲಿದ್ದರೆ ಹೂಡಿಕೆದಾರರ ಪ್ರಶ್ನೆ "ಈ ಅಂಕಿ ನಂಬಬಹುದಾ" ಅನ್ನುವುದರಿಂದ "ಈ 0.51 ಹೇಗೆ ಬಂತು" ಅನ್ನುವುದಕ್ಕೆ ಬದಲಾಗುತ್ತದೆ. ಅದಕ್ಕೆ ನಿಮ್ಮ ಹತ್ತಿರ ನಲ್ವತ್ತು ತೋಟದ ಹಾಳೆ ಇದೆ. ಎಷ್ಟು ಬಿಡಿಸಿದರೂ ಎರಡು ಲೆಕ್ಕ ಕೂಡದಿದ್ದರೆ ಎಲ್ಲೋ ಅಳತೆ ಬದಲಾಗಿದೆ ಅಂತ ಅರ್ಥ. ಸಾಮಾನ್ಯವಾಗಿ ಎಕರೆ–ಹೆಕ್ಟೇರ್ ಗೊಂದಲ, ಇಲ್ಲವೇ ಒಂದು ಕಡೆ ಎಲ್ಲ ಮರ, ಇನ್ನೊಂದು ಕಡೆ ಫಸಲಿನ ಮರ ಹಿಡಿದಿರುತ್ತೀರಿ. ಎರಡು ಲೆಕ್ಕವೂ ಮೊದಲ ಸಲಕ್ಕೇ ಪಕ್ಕಾ ಕೂಡಿಬಂದರೆ ಅದನ್ನೂ ಅನುಮಾನಿಸಿ. ಗೊತ್ತಿಲ್ಲದೇ ಒಂದರಿಂದ ಇನ್ನೊಂದಕ್ಕೆ ಅಂಕಿ ತಂದುಕೊಂಡಿರಬಹುದು.

ಮೊದಲ ವರ್ಷ ಎಷ್ಟು ಸಿಗುತ್ತದೆ?

ಮೂರನೇ ಅಂಕಿ ಸೋಮ್. ಮುಂದಿನ ಒಂದೆರಡು ವರ್ಷದಲ್ಲಿ ನಾವು ಹಿಡಿಯಬಹುದಾದ ಪಾಲು ಇದು. ಇದನ್ನು ಸ್ಯಾಮ್‌ನ 5%, 10% ಅಂತ ಸುಮ್ನೆ ಬರೆಯಬೇಡಿ. ಎರಡು ಕಡೆಯಿಂದ ತೆಗೆದು, ಚಿಕ್ಕದನ್ನು ಇಟ್ಟುಕೊಳ್ಳಿ.

ಒಂದು ಕಡೆ ಬೇಡಿಕೆ. ಕೆಳಗಿನ ಮನೆಯ ಹುಡುಗ ಸಮಯಕ್ಕೆ ಬರುವ ತೋಟ ನಮಗೆ ಸಿಗುವುದಿಲ್ಲ. ಸಿಗುವುದು ಕಳೆದ ವರ್ಷ ಕಾದು ಕಾದು ಮದ್ದು ತಡವಾದವರದ್ದು. ಕೂಲಿಗೆ ಕರೆಯುವ ಮರಗಳಲ್ಲಿ ನಾಲ್ಕರಲ್ಲಿ ಒಂದು ಹಾಗಿದೆ ಅಂದರೆ ಪಂಚಾಯತಿಗೆ 57,300 ಮರ, ಹನ್ನೆರಡು ಪಂಚಾಯತಿಗೆ ಸುಮಾರು ₹1.65 ಕೋಟಿ.

ಇನ್ನೊಂದು ಕಡೆ ಕೈಗೂಡುವ ಕೆಲಸ. ಇಲ್ಲಿ ಮಳೆ ನಿರ್ಧರಿಸುತ್ತದೆ. ಬೋರ್ಡೋ ಅಂದರೆ ಕೊಳೆರೋಗ ಬಾರದಂತೆ ತಡೆಯುವ ಮದ್ದು. ಬಂದ ಮೇಲೆ ಬಿಟ್ಟು ಪ್ರಯೋಜನ ಕಡಿಮೆ. ಹಾಗಾಗಿ ಮೊದಲನೆಯದು ಮುಂಗಾರು ಬಲವಾಗುವ ಮೊದಲೇ ಆಗಬೇಕು, ಎರಡನೆಯದು ಅಲ್ಲಿಂದ 40–45 ದಿನಕ್ಕೆ. ಕೇರಳಕ್ಕೆ ಮುಂಗಾರು ವಾಡಿಕೆಯಂತೆ ಜೂನ್ 1ಕ್ಕೆ ಬರುತ್ತದೆ. ಎಲ್ಲ ತೋಟದವರಿಗೂ ಅದೇ ವಾರಗಳಲ್ಲಿ ಜನ ಬೇಕು. ಎರಡನೇ ಸಲವಂತೂ ಜುಲೈಯ ಮಳೆ ಬಿಟ್ಟ ಹೊತ್ತು ನೋಡಿ ಬಿಡಬೇಕು. ಮರ ಒಣಗಿರಬೇಕು, ಬಿಟ್ಟ ಮದ್ದು ಗೊನೆಗೆ ಹಿಡಿಯುವಷ್ಟು ಹೊತ್ತು ಮಳೆ ಬರಬಾರದು.

ಮೊದಲ ಸಲಕ್ಕೆ ಕೆಲಸ ಆಗುವ 20 ದಿನ, ಎರಡನೇ ಸಲಕ್ಕೆ 15 ದಿನ ಅಂತ ಹಿಡಿಯೋಣ. ಒಂದು ತಂಡ ದಿನಕ್ಕೆ 400 ಮರ ಮಾಡಿದರೆ 35 ದಿನಕ್ಕೆ 14,000 ಮರ, ಅಂದರೆ ₹1.68 ಲಕ್ಷ. ಹತ್ತು ತಂಡಕ್ಕೆ ₹16.8 ಲಕ್ಷ.

ಬೇಡಿಕೆ ₹1.65 ಕೋಟಿ, ಮಾಡಲಾಗುವುದು ₹16.8 ಲಕ್ಷ. ಮೊದಲ ವರ್ಷದ ಅಂಕಿ ₹16.8 ಲಕ್ಷವೇ. ಸ್ಪ್ರೆಡ್‌ಶೀಟಿನಲ್ಲಿ ಬೇಡಿಕೆ B10ರಲ್ಲಿ, ಸಾಮರ್ಥ್ಯ B16ರಲ್ಲಿ ಇದ್ದರೆ ಸೋಮ್‌ನ ಕೋಶದಲ್ಲಿ ಇದನ್ನು ಹಾಕಿ, ತಂಡಗಳ ಸಂಖ್ಯೆ ಬದಲಿಸಿದಂತೆ ಅದೇ ಬದಲಾಗುತ್ತದೆ:

```
=MIN(B10,B16)
```

ಈ ಲೆಕ್ಕ ಹೊಸ ವಿಷಯವನ್ನೇ ಹೇಳಿಬಿಟ್ಟಿತು ನೋಡಿ. ₹1 ಕೋಟಿ ಆದಾಯಕ್ಕೆ ಸುಮಾರು 60 ತಂಡ ಬೇಕು, ಅಂದರೆ ದೋಟಿ ಹಿಡಿದು ಸಲೀಸಾಗಿ ಮದ್ದು ಬಿಡಬಲ್ಲ 60 ಜನ. ಗಿರಾಕಿಗಳು ಸಾಕಷ್ಟು ಇದ್ದಾರೆ, ಕೆಲಸ ಬಲ್ಲವರು ಇಲ್ಲ. ಹಾಗಾದರೆ ಕೇಳುವ ಹೂಡಿಕೆ ಜಾಹೀರಾತಿಗೆ ಹೋಗಬಾರದು. ತರಬೇತಿಗೆ, ದೋಟಿ–ಪಂಪಿಗೆ, ಮದ್ದು ಬಿಡುವ ಕೆಲಸ ಇಲ್ಲದ ತಿಂಗಳಲ್ಲೂ ತಂಡವನ್ನು ಉಳಿಸಿಕೊಳ್ಳುವುದಕ್ಕೆ ಹೋಗಬೇಕು. ಟಾಪ್-ಡೌನ್ ಒಂದನ್ನೇ ಮಾಡಿದವರಿಗೆ ಇದು ಕಾಣುವುದೇ ಇಲ್ಲ.

ಇದಾದ ಮೇಲೆ ಒಂದೊಂದೇ ಅಂಕಿ ಅಲುಗಾಡಿಸಿ ನೋಡಿ. ಮಳೆ ಬೇಗ ಬಂದು ಮೊದಲ ಸಲದ ಐದು ದಿನ ಹೋದರೆ ಹತ್ತು ತಂಡಕ್ಕೆ ₹2.4 ಲಕ್ಷ ಹೋಯಿತು, ಉಳಿಯುವುದು ₹14.4 ಲಕ್ಷ. ಬೇಡಿಕೆ ಅರ್ಧಕ್ಕೆ ಇಳಿದರೆ? ಏನೂ ಆಗುವುದಿಲ್ಲ, ಆಗಲೂ ಅದು ಸಾಮರ್ಥ್ಯಕ್ಕಿಂತ ಜಾಸ್ತಿಯೇ. ಯಾವ ಅಂಕಿ ಅಲುಗಿದರೆ ಉತ್ತರ ಅಲುಗುತ್ತದೋ ಅದನ್ನು ಇನ್ನಷ್ಟು ಗಟ್ಟಿ ಮಾಡಿಕೊಳ್ಳಿ. ಉಳಿದದ್ದರ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ.

"ಇಷ್ಟು ಚಿಕ್ಕದಾ?" ಅಂದರೆ

ಕೊಚ್ಚಿಯಲ್ಲೋ ಬೆಂಗಳೂರಿನಲ್ಲೋ ಕೂತ ವೆಂಚರ್ ಫಂಡಿನವರಿಗೆ ₹6.6 ಕೋಟಿಯ ಸ್ಯಾಮ್ ತೀರಾ ಸಣ್ಣದು. ಅವರು ಹಾಗೆ ಹೇಳಿದರೆ ತಪ್ಪಿಲ್ಲ. ಆಗ ಅಂಕಿಯನ್ನು ಊದಿಸುವ ಬದಲು ಅದನ್ನು ಬೆಳೆಸುವ ದಾರಿ ತೋರಿಸಬಹುದು.

ಒಂದು ದಾರಿ ಗಡಿ ದಾಟುವುದು. ಪೆರ್ಲದಿಂದ ಸ್ವಲ್ಪ ಮುಂದೆ ಹೋದರೆ ಅಡ್ಯನಡ್ಕ, ಅಲ್ಲಿಂದ ಬಂಟ್ವಾಳ, ಪುತ್ತೂರು, ಸುಳ್ಯ, ಎಲ್ಲವೂ ಅಡಿಕೆಯೇ. ಆದರೆ ಕರ್ನಾಟಕದ ವಿಸ್ತೀರ್ಣದ ಅಂಕಿ ಬೇರೆ ಸರಕಾರದ್ದು, ಬೇರೆ ವರ್ಷದ್ದಾಗಿರಬಹುದು. ಕೂಲಿಯೂ ಬೇರೆ. ಅದನ್ನು ಕಾಸರಗೋಡಿನ ಅಂಕಿಗೆ ಹಾಗೇ ಕೂಡಿಸಬೇಡಿ. ಅಲ್ಲಿಯೂ ಒಂದು ಪಂಚಾಯತ್ ಹಿಡಿದು ಇದೇ ಕೋಷ್ಟಕ ಮಾಡಿ, ಬೇರೆ ಸಾಲಾಗಿ ಇಡಿ.

ಇನ್ನೊಂದು ದಾರಿ ಕೊಯ್ಲು. ಅದೇ ತಂಡ, ಅದೇ ದೋಟಿ, ಮಳೆಗಾಲ ಮುಗಿದ ಮೇಲಿನ ತಿಂಗಳುಗಳು. ಇಲ್ಲಿ ಅಳತೆ ಬದಲಾಗುತ್ತದೆ: ಮರಕ್ಕೆ ಅಲ್ಲ, ಕೊಯ್ದ ಗೊನೆಗೆ ದರ. ಒಂದೇ ತೋಟಕ್ಕೆ ಹಣ್ಣಾದಂತೆಲ್ಲ ಹಲವು ಸಲ ಹೋಗಬೇಕು. ಹಾಗಾಗಿ ಹೊಸದಾಗಿ ಶುರು ಮಾಡಿ, ಮದ್ದಿನ ಲೆಕ್ಕದ ಮೇಲೆ "ಇನ್ನೊಂದು 50%" ಅಂತ ಅಂಟಿಸಬೇಡಿ.

ಎರಡನ್ನೂ ಸೇರಿಸಿದ ಮೇಲೂ ಅಂಕಿ ಸಣ್ಣದೇ ಉಳಿದರೆ, ಕೇಳುವ ಬಾಗಿಲನ್ನೇ ಬದಲಿಸಬೇಕು. ವೆಂಚರ್ ಫಂಡಿಗೆ ಹೊಂದದ ವ್ಯವಹಾರ ಬ್ಯಾಂಕ್ ಸಾಲಕ್ಕೆ, ಕೇರಳ ಸ್ಟಾರ್ಟಪ್ ಮಿಷನ್‌ನಂಥ ಕಡೆಯ ನೆರವಿಗೆ ಅಥವಾ ಸಹಕಾರಿ ಸಂಘದ ಜೊತೆಗಾರಿಕೆಗೆ ಚೆನ್ನಾಗಿ ಹೊಂದಬಹುದು. ಅವರಿಗೂ ಇದೇ ಹಾಳೆ ಸಾಕು. ಬ್ಯಾಂಕಿನವರು ₹66 ಕೋಟಿ ನೋಡುವುದಿಲ್ಲ. ಒಂದು ತಂಡಕ್ಕೆ ಮಳೆಗಾಲದಲ್ಲಿ ಬರುವ ₹1.68 ಲಕ್ಷದಲ್ಲಿ ಸಂಬಳ, ಪೆಟ್ರೋಲ್, ದೋಟಿಯ ಕಂತು ಕಳೆದು ಎಷ್ಟು ಉಳಿಯುತ್ತದೆ ಅಂತ ಕೇಳುತ್ತಾರೆ.